ಭಂಗಿ ಅದೇ, ಸೀರೆ ಬೇರೆ: ಓಬವ್ವನ ಉಡುಪಿಗೆ ಕಂಟ್ರೋಲ್‌ನೆಟ್ ಬಳಸಿದ ಒಂದು ಪ್ರಕರಣ

ಮೈಸೂರಿನ ಒಂದು ಹವ್ಯಾಸಿ ನಾಟಕ ತಂಡ ಒನಕೆ ಓಬವ್ವನ ಕಥೆಯನ್ನು ರಂಗಕ್ಕೆ ತರಲು ಹೊರಟಿತ್ತು. ಕುವೆಂಪುನಗರದ ಒಂದು ಸಭಾಂಗಣದಲ್ಲಿ ಸಂಜೆ ಹೊತ್ತು ತಾಲೀಮು ನಡೆಯುತ್ತಿತ್ತು. ಕೋಟೆಯ ಕಿಂಡಿಯ ಪಕ್ಕದಲ್ಲಿ ಓಬವ್ವ ಹೇಗೆ ನಿಲ್ಲಬೇಕು ಎಂಬುದನ್ನು ನಿರ್ದೇಶಕರು ಮೊದಲೇ ಗಟ್ಟಿ ಮಾಡಿಕೊಂಡಿದ್ದರು. ಎಡಗಾಲು ಮುಂದಿಟ್ಟು ಮೊಣಕಾಲು ಬಾಗಿಸಿ, ಬಲಗಾಲನ್ನು ಹಿಂದಕ್ಕೆ ಚಾಚಿ, ಎರಡೂ ಕೈಯಲ್ಲಿ ಒನಕೆ ಹಿಡಿದು ಬಲಭುಜದ ಮೇಲಕ್ಕೆ ಎತ್ತಿದ ನಿಲುವು. ಬೆಳಕಿನ ವಿನ್ಯಾಸ, ಕಿಂಡಿಯ ಎತ್ತರ, ಪೋಸ್ಟರ್ ಎಲ್ಲವೂ ಆ ನಿಲುವಿನ ಮೇಲೆಯೇ ನಿಂತಿದ್ದವು. ಅದನ್ನು ಅಲುಗಾಡಿಸುವಂತಿರಲಿಲ್ಲ.

ತೀರ್ಮಾನವಾಗದೆ ಉಳಿದಿದ್ದು ಉಡುಪು. ಸಾಮಾನ್ಯವಾಗಿ ಉಡುವ ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸುವುದೋ, ಕಚ್ಚೆ ಸೀರೆಯೋ? ಬಣ್ಣ ಯಾವುದು, ಅಂಚು ಎಷ್ಟು ಅಗಲ? ಉಡುಪಿನ ಜವಾಬ್ದಾರಿ ಹೊತ್ತ ಅಕ್ಕ ಮಂಡ್ಯ ಕಡೆಯವರು, ಕಚ್ಚೆ ಹಾಕಿ ಉಡಿಸುವುದರಲ್ಲಿ ಪಳಗಿದ ಕೈ. ಆದರೆ ಬಟ್ಟೆ ಕೊಳ್ಳುವ ಮೊದಲು ನಿರ್ದೇಶಕರಿಗೆ ಕಣ್ಣಿಗೆ ಕಾಣುವಂತೆ ಏನಾದರೂ ತೋರಿಸಬೇಕಿತ್ತು. ಅದೇ ನಿಲುವಿನಲ್ಲಿ, ಅದೇ ಒನಕೆಯೊಂದಿಗೆ, ಉಡುಪು ಮಾತ್ರ ಬದಲಾದ ಚಿತ್ರಗಳು ಬೇಕಾದವು. ಆ ಕೆಲಸ ನನ್ನ ಪಾಲಿಗೆ ಬಂತು.

ಫೋಟೊ ಪಾತ್ರಧಾರಿಯದು. ಚಿತ್ರಗಳು ಯಾವುದಕ್ಕೆ, ಅವುಗಳನ್ನು ಯಾರು ಯಾರು ನೋಡುತ್ತಾರೆ, ಉಡುಪು ಯಾವ ಬಗೆಯದು ಎಂದು ಅವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆದೆ. ಎಲ್ಲವನ್ನೂ ಮನೆಯ ಕಂಪ್ಯೂಟರ್‌ನಲ್ಲೇ ಮಾಡಿದೆ, ಫೋಟೊ ಹೊರಗೆ ಎಲ್ಲಿಗೂ ಹೋಗಲಿಲ್ಲ. ಒಬ್ಬರ ಮೈಮೇಲಿನ ಬಟ್ಟೆಯನ್ನು ಚಿತ್ರದಲ್ಲಿ ಬದಲಿಸುವ ತಂತ್ರ ಇದು. ಅವರ ಒಪ್ಪಿಗೆ ಇಲ್ಲದೆ ಇದಕ್ಕೆ ಕೈ ಹಾಕಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಇದಕ್ಕೆ ಬಳಸಿದ್ದು ಮಾತಿನಿಂದ ಚಿತ್ರ ಬರೆಯುವ ಎಐ ಮಾದರಿ ಸ್ಟೇಬಲ್ ಡಿಫ್ಯೂಷನ್. ಅದು ಬರಿಯ ಗದ್ದಲದಂಥ ಚುಕ್ಕೆಗಳಿಂದ ಶುರುಮಾಡಿ, ಹಂತ ಹಂತವಾಗಿ ಅದನ್ನು ತಿಳಿಯಾಗಿಸುತ್ತಾ ಚಿತ್ರ ಕಟ್ಟುತ್ತದೆ. ನಾವು ಬರೆದ ಮಾತು ಅದಕ್ಕೆ ದಾರಿ ತೋರಿಸುತ್ತದೆ. ಮಾತಿನಲ್ಲಿ ‘ಒನಕೆ ಎತ್ತಿ ನಿಂತ ಹೆಂಗಸು’ ಎಂದು ಹೇಳಬಹುದು, ಆದರೆ ಮೊಣಕೈ ಇಷ್ಟೇ ಬಾಗಬೇಕು ಎಂದು ಹೇಳಲಾಗದು. ಆ ಕೊರತೆಯನ್ನು ತುಂಬಲು ಲ್ವ್‌ಮಿನ್ ಜಾಂಗ್, ಆನ್ಯಿ ರಾವ್, ಮನೀಶ್ ಅಗ್ರವಾಲ ಎಂಬ ಸಂಶೋಧಕರು 2023ರಲ್ಲಿ ಕಂಟ್ರೋಲ್‌ನೆಟ್ ಅನ್ನು ಹೊರತಂದರು. ಮೂಲ ಮಾದರಿಯನ್ನು ಮುಟ್ಟದೆ ಹಾಗೇ ಬೀಗ ಹಾಕಿಡುತ್ತಾರೆ. ಅದರಲ್ಲಿ ಒಳಬಂದದ್ದನ್ನು ಓದಿಕೊಳ್ಳುವ ಎನ್‌ಕೋಡರ್ ಭಾಗದ ಒಂದು ನಕಲನ್ನು ಮಾತ್ರ ತರಬೇತಿಗೆ ಒಡ್ಡಿ, ಮಾತಿನ ಜೊತೆಗೆ ಒಂದು ಸೂಚನಾ ಚಿತ್ರವನ್ನೂ ಓದುವಂತೆ ಕಲಿಸುತ್ತಾರೆ. ಆ ಸೂಚನೆ ಗೆರೆಚಿತ್ರವಾಗಿರಬಹುದು, ಯಾವುದು ಹತ್ತಿರ ಯಾವುದು ದೂರ ಎಂದು ತೋರಿಸುವ ಆಳದ ನಕ್ಷೆಯಾಗಿರಬಹುದು, ದೇಹದ ಕೀಲುಗಳನ್ನು ಗುರುತಿಸಿದ ಅಸ್ಥಿಪಂಜರವೂ ಆಗಿರಬಹುದು.

ಬಟ್ಟೆ ಬದಲಿಸುವ ಕೆಲಸಕ್ಕೆ ಈ ಮೂರರಲ್ಲಿ ಯಾವುದು ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಕ್ಯಾನಿ ಎಂಬ ಗೆರೆಚಿತ್ರದ ವಿಧಾನ ಭಂಗಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ಹಳೆಯ ಬಟ್ಟೆಯ ಅಂಚನ್ನೂ ಅಷ್ಟೇ ಬಿಗಿಯಾಗಿ ಹಿಡಿಯುತ್ತದೆ. ಪಾತ್ರಧಾರಿ ಟೀ ಶರ್ಟ್ ತೊಟ್ಟಿದ್ದ ಫೋಟೊ ಕೊಟ್ಟಾಗ ಬಂದ ‘ಸೀರೆ’ಗೆ ಟೀ ಶರ್ಟಿನ ದುಂಡು ಕುತ್ತಿಗೆ ಇತ್ತು, ಕಾಲಿಗೆ ಸೀರೆಯ ಬಣ್ಣ ಬಳಿದ ಲೆಗ್ಗಿಂಗ್ಸ್ ಇತ್ತು. ಆಳದ ನಕ್ಷೆಯೂ ಪೂರ್ತಿ ಬಲದಲ್ಲಿ ಕೊಟ್ಟರೆ ಇದೇ ಕಥೆ: ಹಳೆಯ ಬಟ್ಟೆಯ ಹೊರ ಆಕಾರ ಅದರೊಳಗೇ ಕೂತಿರುತ್ತದೆ, ನೆರಿಗೆ ಹರಡಿಕೊಳ್ಳಲು ಜಾಗ ಸಿಗುವುದಿಲ್ಲ.

ಅಸ್ಥಿಪಂಜರದಲ್ಲಿ ಬಟ್ಟೆಯ ಸುಳಿವೇ ಇಲ್ಲ. ಓಪನ್‌ಪೋಸ್ ಎಂಬ ಪತ್ತೆಯಂತ್ರ ಫೋಟೊದಿಂದ 18 ಬಿಂದುಗಳನ್ನು ತೆಗೆಯುತ್ತದೆ: ಮೂಗು, ಕುತ್ತಿಗೆ, ಎರಡೆರಡು ಕಣ್ಣು, ಕಿವಿ, ಭುಜ, ಮೊಣಕೈ, ಮಣಿಕಟ್ಟು, ಸೊಂಟದ ಕೀಲು, ಮೊಣಕಾಲು, ಕಾಲಿನ ಗಿಣ್ಣು. ಬೇಕಾದರೆ ಬೆರಳುಗಳನ್ನೂ ಮುಖದ ಬಿಂದುಗಳನ್ನೂ ಸೇರಿಸಿಕೊಳ್ಳಬಹುದು. ಬಿಂದುಗಳನ್ನು ಬಣ್ಣಬಣ್ಣದ ಕಡ್ಡಿಗಳಿಂದ ಜೋಡಿಸಿ ಕಪ್ಪು ಹಿನ್ನೆಲೆಯಲ್ಲಿ ಬರೆಯುತ್ತದೆ. ಹೊಲದ ಬೆದರುಬೊಂಬೆಯ ಕಡ್ಡಿಗೆ ಮೇಲೆ ಹಾಕಿದ್ದು ಅಂಗಿಯೋ ಕಂಬಳಿಯೋ ಗೊತ್ತಿರುವುದಿಲ್ಲವಲ್ಲ, ಹಾಗೇ ಇದು. ಅದಕ್ಕೇ ಉಡುಪನ್ನು ಬುಡದಿಂದ ಹೊಸದಾಗಿ ಬರೆಯುವಾಗ ಇದೇ ಸರಿಯಾದ ಆಯ್ಕೆ. ಗೊತ್ತಿಲ್ಲದಿರುವುದೇ ಅದರ ದೌರ್ಬಲ್ಯವೂ ಹೌದು ಎಂಬುದು ಮುಂದೆ ಕಾಣುತ್ತದೆ.

ಮೊದಲು ಕೈಯಲ್ಲಿದ್ದದ್ದು ತಾಲೀಮಿನ ಫೋಟೊ. ಪಾತ್ರಧಾರಿ ಚೂಡಿದಾರ ತೊಟ್ಟು ವೇಲನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರು. ಕುರ್ತಾದ ಸಡಿಲ ಅಂಚು ಬಾಗಿದ ಮೊಣಕಾಲನ್ನು ಮುಚ್ಚಿತ್ತು. ಪತ್ತೆಯಂತ್ರ ಎಡ ಮೊಣಕಾಲನ್ನು ಕುರ್ತಾದ ಅಂಚಿನ ಮೇಲೆ, ಇರಬೇಕಾದ ಜಾಗಕ್ಕಿಂತ ಒಂದು ಗೇಣು ಕೆಳಗೆ ಗುರುತಿಸಿತು. ಅಂಥ ಅಸ್ಥಿಪಂಜರ ಕೊಟ್ಟರೆ ತೊಡೆ ಉದ್ದವಾಗಿ ಮೀನಖಂಡ ಗಿಡ್ಡವಾಗುತ್ತದೆ. ಸೀರೆಯ ಅಡಿಯಲ್ಲಿ ಅದು ಥಟ್ಟನೆ ಕಾಣುವುದಿಲ್ಲ, ‘ಏನೋ ಸರಿ ಇಲ್ಲ’ ಎಂದು ಮಾತ್ರ ಅನ್ನಿಸುತ್ತದೆ. ಆದ್ದರಿಂದ ಸೂಚನಾ ಚಿತ್ರವನ್ನು ಯಂತ್ರ ಕೊಟ್ಟ ಕೂಡಲೇ ಬಳಸದೆ, ಫೋಟೊದ ಮೇಲೆ ಅರೆಪಾರದರ್ಶಕವಾಗಿಟ್ಟು ಒಂದೊಂದು ಕೀಲನ್ನೂ ನೋಡಬೇಕು.

ಹೊಸ ಫೋಟೊ ತೆಗೆದೆವು. ಮೈಗೆ ಅಂಟಿದಂಥ ಟೀ ಶರ್ಟ್, ಲೆಗ್ಗಿಂಗ್ಸ್, ಬರಿಗಾಲು. ಕ್ಯಾಮೆರಾ ಸೊಂಟದ ಎತ್ತರದಲ್ಲಿ, ಒನಕೆಯ ತುದಿಯಿಂದ ಹಿಂಗಾಲಿನ ಬೆರಳಿನವರೆಗೆ ಎಲ್ಲವೂ ಚೌಕಟ್ಟಿನೊಳಗೆ. ಈ ಸಲ ಕೀಲುಗಳು ಸರಿಯಾಗಿ ಬಂದವು, ಎತ್ತಿದ ಬಲಗೈಯ ಮರೆಗೆ ಹೋದ ಕಿವಿ ಒಂದನ್ನು ಬಿಟ್ಟು. ಅಸ್ಥಿಪಂಜರವನ್ನು ಎಡಿಟರ್‌ನಲ್ಲಿ ತೆರೆದು ಬಲ ಮಣಿಕಟ್ಟನ್ನು ಒಂಚೂರು ಸರಿಸಿದೆ. ಇದನ್ನು ಸಾಮಾನ್ಯ ಪೇಂಟ್ ತಂತ್ರಾಂಶದಲ್ಲಿ ಮಾಡಬಾರದು. ಪ್ರತಿ ಕಡ್ಡಿಯ ಬಣ್ಣಕ್ಕೂ ಅರ್ಥ ಇದೆ, ಎಡಗಾಲು ಬಲಗಾಲಿನ ವ್ಯತ್ಯಾಸವನ್ನು ಮಾದರಿ ಬಣ್ಣದಿಂದಲೇ ತಿಳಿಯುತ್ತದೆ. ತಿದ್ದಿದ ಅಸ್ಥಿಪಂಜರವನ್ನು ಮರಳಿ ಹಾಕುವಾಗ ಫೋಟೊದಿಂದ ಸೂಚನಾ ಚಿತ್ರ ತೆಗೆಯುವ ಪ್ರಿಪ್ರೊಸೆಸರ್‌ನ ಜಾಗದಲ್ಲಿ `none` ಇರಬೇಕು. ಇಲ್ಲದಿದ್ದರೆ ಯಂತ್ರ ಕಡ್ಡಿಬೊಂಬೆಯೊಳಗೆ ಮತ್ತೆ ಮನುಷ್ಯರನ್ನು ಹುಡುಕಲು ಹೋಗುತ್ತದೆ.

ಇಡೀ ಚಿತ್ರವನ್ನು ಹೊಸದಾಗಿ ಬರೆಸಿದರೆ ಮುಖ ಬೇರೆಯವರದಾಗುತ್ತದೆ, ಒನಕೆ ಕೋಲಾಗಿಯೋ ಕತ್ತಿಯಾಗಿಯೋ ಬದಲಾಗುತ್ತದೆ. ಅಸ್ಥಿಪಂಜರದಲ್ಲಿ ಕೈಯಷ್ಟೇ ಇದೆ, ಕೈಯಲ್ಲಿರುವ ವಸ್ತು ಇಲ್ಲ. ಹಾಗಾಗಿ ಇನ್‌ಪೇಂಟ್ ದಾರಿ ಹಿಡಿದೆ: ಬಟ್ಟೆಯ ಜಾಗಕ್ಕೆ ಮಾತ್ರ ಮಾಸ್ಕ್ ಬರೆದು, ಮುಖ, ಕೈ, ಒನಕೆ, ಪಾದಗಳನ್ನು ಹೊರಗಿಟ್ಟು, ಮಾಸ್ಕಿನ ಒಳಗನ್ನಷ್ಟೇ ಬದಲಿಸುವುದು.

ಕೆಲಸ ಕೆಡುವುದು ಹೆಚ್ಚಾಗಿ ಈ ಮಾಸ್ಕಿನಲ್ಲೇ. ಹಳೆಯ ಬಟ್ಟೆಯ ಅಂಚಿಗೆ ಸರಿಯಾಗಿ ಮಾಸ್ಕ್ ಬರೆದರೆ, ಆ ಅಂಚೇ ಹೊಸ ಬಟ್ಟೆಯ ಅಂಚಾಗುತ್ತದೆ. ಮಾದರಿಗೆ ಬರೆಯಲು ಸಿಗುವ ಜಾಗ ಲೆಗ್ಗಿಂಗ್ಸ್ ಆಕಾರದ್ದು, ಅದರೊಳಗೆ ಎಂಥ ಸೀರೆಯೂ ಲೆಗ್ಗಿಂಗ್ಸೇ. ಅಂದರೆ ಅಸ್ಥಿಪಂಜರ ಬಿಟ್ಟುಕೊಟ್ಟ ಸ್ವಾತಂತ್ರ್ಯವನ್ನು ಮಾಸ್ಕ್ ಕಿತ್ತುಕೊಳ್ಳುತ್ತದೆ. ಸ್ವಯಂಚಾಲಿತವಾಗಿ ಬಟ್ಟೆಯನ್ನು ಕತ್ತರಿಸಿ ಕೊಡುವ ಸಾಧನಗಳು ಅಚ್ಚುಕಟ್ಟಾಗಿ ಕತ್ತರಿಸಿದಷ್ಟೂ ಇದು ಹೆಚ್ಚು. ಮಾಸ್ಕನ್ನು ಹಳೆಯ ಬಟ್ಟೆಗೆ ತಕ್ಕಂತೆ ಬರೆಯದೆ, ಬರಬೇಕಾದ ಬಟ್ಟೆ ಎಲ್ಲೆಲ್ಲಿ ಹರಡಬಹುದು ಎಂದು ಯೋಚಿಸಿ ಬರೆಯಬೇಕು. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಕಚ್ಚೆ ಎರಡು ಕಾಲಿನ ನಡುವೆ ಎಷ್ಟು ಕೆಳಗೆ ಇಳಿಬೀಳುತ್ತದೆ, ಹಿಂದೆ ಸಿಕ್ಕಿಸಿದ ಗಂಟು ಎಷ್ಟು ಉಬ್ಬುತ್ತದೆ ಎಂದು ಅವರು ಬೆರಳಿನಲ್ಲಿ ತೋರಿಸಿದಂತೆ ಮಾಸ್ಕ್ ಹಿಗ್ಗಿಸಿದೆ. ಕಾಲುಗಳ ನಡುವಿನ ತ್ರಿಕೋನ ಪೂರ್ತಿ, ಸೊಂಟದ ಹಿಂದೆ ಒಂದು ಅಂಗೈ ಅಗಲ, ಎಡಭುಜದ ಮೇಲೆ ಸೆರಗಿನಷ್ಟು ಜಾಗ ಒಳಗೆ ಬಂದವು. ನಡುವಿನ ಹತ್ತಿರ ಮಾತ್ರ ಮೈಗೆ ಅಂಟಿದಂತೆ ಬಿಟ್ಟೆ. ಅದರ ಕಾರಣ ಆಮೇಲೆ.

ಇನ್ನೊಂದು ಮುಖ್ಯ ತಿರುಪು ಡೀನಾಯ್ಸಿಂಗ್ ಸ್ಟ್ರೆಂತ್. ಇದು 0ರಿಂದ 1ರವರೆಗಿನ ಸಂಖ್ಯೆ, ಹಳೆಯ ಚಿತ್ರವನ್ನು ಎಷ್ಟು ಅಳಿಸಿ ಬರೆಯಬೇಕು ಎಂಬುದರ ಅಳತೆ. 0.6ರಲ್ಲಿ ಇಟ್ಟರೆ ಭಂಗಿ ತಾನಾಗಿಯೇ ಉಳಿಯುತ್ತದೆ, ಏಕೆಂದರೆ ಹಳೆಯ ಚಿತ್ರವೇ ಅರೆಬರೆ ಉಳಿದಿರುತ್ತದೆ. ಅದರ ಜೊತೆಗೆ ಲೆಗ್ಗಿಂಗ್ಸಿನ ಕಪ್ಪೂ ಉಳಿಯುತ್ತದೆ: ಕೆಂಪು ಸೀರೆ ಕೇಳಿದರೆ ಕಂದುಗಪ್ಪು ಬರುತ್ತದೆ. 1ಕ್ಕೆ ಏರಿಸಿದರೆ ಬಟ್ಟೆ ನಿಜಕ್ಕೂ ಹೊಸದಾಗುತ್ತದೆ, ಆದರೆ ಮಾಸ್ಕಿನೊಳಗೆ ಮೈ ಎಲ್ಲಿತ್ತು ಎಂಬ ನೆನಪೂ ಹೋಗುತ್ತದೆ. ಕಂಟ್ರೋಲ್‌ನೆಟ್ ಇಲ್ಲದೆ 1ರಲ್ಲಿ ಮಾಡಿ ನೋಡಿದಾಗ ಸೊಂಟ ಕ್ಯಾಮೆರಾ ಕಡೆಗೆ ತಿರುಗಿತು, ಬಾಗಿದ ಮೊಣಕಾಲು ನೆಟ್ಟಗಾಯಿತು, ಕೆಳಗೆ ಉಳಿದ ನಿಜವಾದ ಪಾದಗಳಿಗೂ ಮೇಲಿನ ಕಾಲಿಗೂ ಸಂಬಂಧವೇ ಇರಲಿಲ್ಲ. ಅಸ್ಥಿಪಂಜರ ಸೇರಿಸಿದ ಮೇಲೆ ಅದೇ 1ರಲ್ಲಿ ಮೊಣಕಾಲು ತನ್ನ ಜಾಗಕ್ಕೆ ಬಂತು. ಪೂರ್ತಿ ಅಳಿಸಿ ಬರೆಯುವ ಧೈರ್ಯ ಬರುವುದೇ ಭಂಗಿಯನ್ನು ಬೇರೆ ದಾರಿಯಿಂದ ಕಟ್ಟಿಹಾಕಿದ್ದರಿಂದ.

ಆದರೂ ಒಂದು ತೊಡಕು ಉಳಿಯಿತು. ಕಡ್ಡಿಗಳು ಚಪ್ಪಟೆ. ಯಾವ ತೊಡೆ ಮುಂದೆ, ಯಾವುದು ಹಿಂದೆ ಎಂಬ ಆಳದ ಮಾಹಿತಿ ಅದರಲ್ಲಿಲ್ಲ. ಕೆಲವು ಚಿತ್ರಗಳಲ್ಲಿ ಹಿಂದಿನ ಬಲತೊಡೆ ಎಡತೊಡೆಯ ಮುಂದೆ ಬಂದು ಬಟ್ಟೆ ಅಡ್ಡಾದಿಡ್ಡಿ ಸುತ್ತಿಕೊಂಡಿತು. ಅದಕ್ಕೆ ಆಳದ ನಕ್ಷೆಯನ್ನು ಎರಡನೆಯ ಘಟಕವಾಗಿ, ತುಂಬ ಮೆಲ್ಲಗೆ ಸೇರಿಸಿದೆ. ಬಲ 0.3 ಮಾತ್ರ, ಅದೂ ಮೊದಲ ಮೂರನೆಯ ಒಂದು ಭಾಗದ ಹಂತಗಳಲ್ಲಿ. ಚಿತ್ರದ ದೊಡ್ಡ ಆಕಾರಗಳು ಮೊದಲ ಹಂತಗಳಲ್ಲೇ ನೆಲೆಯಾಗುತ್ತವೆ, ನೆರಿಗೆ, ಅಂಚು, ನೇಯ್ಗೆಯಂಥ ಸಣ್ಣ ವಿವರಗಳು ಆಮೇಲೆ ಬರುತ್ತವೆ. ಮುಂದೆ ಯಾವುದು ಹಿಂದೆ ಯಾವುದು ಎಂದು ಹೇಳಿಕೊಟ್ಟು ಆಳದ ನಕ್ಷೆ ಪಕ್ಕಕ್ಕೆ ಸರಿದರೆ, ಟೀ ಶರ್ಟಿನ ಆಕಾರವನ್ನು ಹೇರಲು ಅದಕ್ಕೆ ಸಮಯ ಸಿಗುವುದಿಲ್ಲ.

ಕೊನೆಗೆ ಉಳಿಸಿಕೊಂಡ ಹೊಂದಿಕೆ ಕೆಳಗಿದೆ. ಅದರಲ್ಲಿ weight ಎಂದರೆ ಬಲ, start ಮತ್ತು end ಎಂದರೆ ಹಂತಗಳ ಯಾವ ಭಾಗದಿಂದ ಯಾವ ಭಾಗದವರೆಗೆ ಎಂಬುದು, CFG scale ಎಂದರೆ ನಾವು ಬರೆದ ಮಾತಿಗೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳಬೇಕು ಎಂಬುದು:

```
Inpaint area: Whole picture, Masked content: fill
Denoising strength: 1, Steps: 30, CFG scale: 7, Size: 512x768
Unit 0: control_v11p_sd15_openpose, weight 1.0, start 0, end 1
Unit 1: control_v11f1p_sd15_depth, weight 0.3, start 0, end 0.35
```

ಫೋಟೊ, ಮಾಸ್ಕ್, ಅಸ್ಥಿಪಂಜರ ಮೂರೂ ಒಂದೇ ಅಳತೆಯಲ್ಲಿರಬೇಕು. ಉದ್ದಗಲದ ಅನುಪಾತ ಬೇರೆಯಾದರೆ ತಂತ್ರಾಂಶ ಒಂದನ್ನು ಕತ್ತರಿಸಿ ಹೊಂದಿಸುತ್ತದೆ, ಆಗ ಅಸ್ಥಿಪಂಜರ ಮೈಯಿಂದ ಪಕ್ಕಕ್ಕೆ ಸರಿಯುತ್ತದೆ. ಮಾಸ್ಕಿನ ಅಂಚಿನಲ್ಲಿ ಮೊಣಕೈ ಎರಡಾಗಿ ಕಂಡರೆ ಮೊದಲು ನೋಡಬೇಕಾದದ್ದು ಈ ಅಳತೆಯನ್ನೇ.

ಇನ್ನು ಮಾತಿನ ವಿಷಯ. ಸ್ಟೇಬಲ್ ಡಿಫ್ಯೂಷನ್ 1.5 ಕಲಿತದ್ದು ಬಹುತೇಕ ಇಂಗ್ಲಿಷ್ ವಿವರಣೆ ಇರುವ ಚಿತ್ರಗಳಿಂದ. ‘ಕಚ್ಚೆ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏನೂ ಆಗುವುದಿಲ್ಲ. ಬರೀ ‘ಸೀರೆ’ ಎಂದರೆ ಮದುವೆಮನೆಯ ರೇಷ್ಮೆ, ಅಗಲ ಜರಿಯಂಚು, ಕುತ್ತಿಗೆ ತುಂಬ ಒಡವೆ ಬರುತ್ತದೆ. ಓಬವ್ವ ಹದಿನೆಂಟನೆಯ ಶತಮಾನದ ಚಿತ್ರದುರ್ಗದ ಕೋಟೆ ಕಾವಲುಗಾರನ ಹೆಂಡತಿ. ಅವಳ ಮೈಮೇಲೆ ಜರಿ ಹೊಳೆದರೆ ನಾಟಕವೇ ಸುಳ್ಳಾಗುತ್ತದೆ. ಉಡುಪಿನ ಹೆಸರು ಬಿಟ್ಟು ಆಕಾರವನ್ನು ಬಿಡಿಸಿ ಹೇಳಬೇಕಾಯಿತು: ಒರಟು ಮಗ್ಗದ ಹತ್ತಿ, ಸಣ್ಣ ಅಂಚು, ಕಾಲುಗಳ ನಡುವೆ ಎಳೆದು ಪಂಚೆಯಂತೆ ಹಿಂದೆ ಸಿಕ್ಕಿಸಿದ್ದು, ಸೆರಗು ಸೊಂಟಕ್ಕೆ ಬಿಗಿದದ್ದು. ಚಿತ್ರದಲ್ಲಿ ಬರಬಾರದ್ದನ್ನು Negative prompt ಸಾಲಿನಲ್ಲಿ ಬರೆದೆ.

```
coarse handloom cotton sari, dark red, narrow plain border,
drape pulled between the legs and tucked at the back like a dhoti,
sari end wrapped tightly around the waist, short sleeved cotton blouse
Negative prompt: silk, gold zari, jewellery, bridal, skirt, leggings
```

ಕಚ್ಚೆಯ ಚಿತ್ರಗಳು ನಿಲುವಿಗೆ ಹೊಂದಿಕೊಂಡು ಬಂದವು. ನೆರಿಗೆ ಎತ್ತಿ ಸಿಕ್ಕಿಸಿದ ಸಾಮಾನ್ಯ ಸೀರೆಯದ್ದು ಹಟ ಮಾಡಿತು. ಮಾದರಿ ಕಲಿತ ಸೀರೆ ಕಾಲುಗಳನ್ನು ಕೂಡಿಸಿ ಕೆಳಗೆ ಇಳಿಯುವಂಥದು, ಅಸ್ಥಿಪಂಜರ ಕೇಳುವುದು ಅಗಲಿಸಿದ ಕಾಲು. ಎರಡೂ ಎಳೆದಾಡಿ, ತೊಡೆಯವರೆಗೆ ಸೀರೆ, ಅಲ್ಲಿಂದ ಕೆಳಗೆ ಪೈಜಾಮದಂಥದ್ದು ಬಂತು. ಅಸ್ಥಿಪಂಜರದ ಬಲವನ್ನು 0.6ಕ್ಕೆ ಇಳಿಸಿದಾಗ ಸೀರೆ ಸರಿಯಾಯಿತು, ಕಾಲು ಕೂಡಿಕೊಂಡಿತು. ಬಲವನ್ನು ಎಲ್ಲಿಟ್ಟರೂ ಒಂದಲ್ಲ ಒಂದು ಕೈ ಬಿಡುತ್ತಿತ್ತು. ಅಕ್ಕ ಅದನ್ನು ನೋಡಿ, “ಅದು ನಿಜವಾಗ್ಲೂ ಆಗಲ್ಲ ಕಣ್ರೀ. ಮಾಮೂಲಿ ಸೀರೆ ಉಟ್ಕೊಂಡು ಅಷ್ಟಗಲ ಹೆಜ್ಜೆ ಇಟ್ರೆ ನೆರಿಗೆ ಬಿಚ್ಚೋಗುತ್ತೆ” ಎಂದರು. ಮಾರನೆಯ ಸಂಜೆ ತಾಲೀಮಿನಲ್ಲಿ ನಿಜವಾದ ಹತ್ತಿ ಸೀರೆ ಉಡಿಸಿ ಹೆಜ್ಜೆ ಇಡಿಸಿದಾಗ ಸಿಕ್ಕಿಸಿದ ನೆರಿಗೆ ಸಡಿಲವಾಗಿಯೇ ಬಿಟ್ಟಿತು. ಎಲ್ಲ ಸಲವೂ ಚಿತ್ರದ ಹಟ ಬಟ್ಟೆಯ ಸತ್ಯ ಆಗಿರುತ್ತದೆ ಎಂದು ನಾನು ಹೇಳಲಾರೆ. ಆದರೆ ಭಂಗಿ ಮತ್ತು ಉಡುಪು ಹೀಗೆ ಜಗ್ಗಾಡಿದಾಗ ಹೊಂದಿಕೆಯ ಸಂಖ್ಯೆಗಳನ್ನು ತಿರುಗಿಸುತ್ತಾ ಕೂರುವ ಬದಲು ಎದ್ದು ಬಟ್ಟೆಯನ್ನೇ ಉಟ್ಟು ನೋಡುವುದು ಒಳ್ಳೆಯದು.

ಭಂಗಿ ಉಳಿದಿದೆಯೇ ಎಂದು ಕಣ್ಣಂದಾಜಿಗೆ ಬಿಡಲಿಲ್ಲ. ಬಂದ ಚಿತ್ರವನ್ನು ಮತ್ತೆ ಪತ್ತೆಯಂತ್ರಕ್ಕೆ ಕೊಟ್ಟು, ಹೊರಬಂದ ಅಸ್ಥಿಪಂಜರವನ್ನು ಮೊದಲಿನದರ ಮೇಲೆ ಇಟ್ಟು ನೋಡಿದೆ. ಭುಜ, ಮೊಣಕೈ, ಸೊಂಟಕ್ಕೆ ಈ ಪರೀಕ್ಷೆ ನಂಬಬಹುದಾದದ್ದು. ಮೊಣಕಾಲಿಗೆ ಅಲ್ಲ. ಸೀರೆಯ ಒಳಗಿನ ಮೊಣಕಾಲನ್ನು ಪತ್ತೆಯಂತ್ರ ಕಾಣದೆ ಊಹಿಸುತ್ತಿರುತ್ತದೆ, ಚೂಡಿದಾರದ ಫೋಟೊದಲ್ಲಿ ಊಹಿಸಿದ ಹಾಗೆಯೇ. ಅಲ್ಲಿ ಮೂಲ ಫೋಟೊವನ್ನೇ ಅರೆಪಾರದರ್ಶಕವಾಗಿ ಮೇಲಿಟ್ಟು, ಬಟ್ಟೆ ಬಿಗಿದು ಮಡಿಕೆ ಒಡೆಯುವ ಜಾಗ ನಿಜವಾದ ಮೊಣಕಾಲಿನ ಮೇಲೆಯೇ ಬೀಳುತ್ತದೆಯೇ ಎಂದು ನೋಡಿಕೊಂಡೆ.

ಈ ಪರೀಕ್ಷೆಗಳೆಲ್ಲ ಪಾಸಾದ ಒಂದು ಚಿತ್ರವನ್ನು ಪಾತ್ರಧಾರಿಗೆ ತೋರಿಸಿದಾಗ ಅವರು ಸ್ವಲ್ಪ ಹೊತ್ತು ನೋಡಿ, “ಚೆನ್ನಾಗಿದೆ ಸಾರ್, ಆದರೆ ಇದು ನಾನಲ್ಲ” ಎಂದರು. ಮುಖ ಅವರದೇ, ಕೈ ಅವರದೇ. ನಡು ಮಾತ್ರ ಜಾಹೀರಾತಿನ ರೂಪದರ್ಶಿಯದು. ಕೀಲುಗಳು ಒಂದು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಅಸ್ಥಿಪಂಜರದಲ್ಲಿ ಕೀಲಿನ ಜಾಗ ಇದೆ, ಮೈಯ ಗಾತ್ರ ಇಲ್ಲ. ಮಾಸ್ಕ್ ಅಗಲವಾಗಿದ್ದ ಆ ಚಿತ್ರದಲ್ಲಿ ಮಾದರಿ ತಾನು ಹೆಚ್ಚು ನೋಡಿದ ಮೈಕಟ್ಟನ್ನು ತಂದು ತುಂಬಿತ್ತು. ಇದು ಅವರ ಮನಸ್ಸಿಗೆ ನೋವಾಗುವ ಮಾತಷ್ಟೇ ಅಲ್ಲ, ಕೆಲಸಕ್ಕೂ ಕೇಡು: ಆ ಚಿತ್ರ ನೋಡಿ ಕುಪ್ಪಸದ ಉದ್ದ, ಸೆರಗಿನ ಸುತ್ತು ತೀರ್ಮಾನಿಸಿದರೆ ರಂಗದ ಮೇಲೆ ಬೇರೆಯದೇ ಕಾಣುತ್ತದೆ. ನಡುವಿನ ಹತ್ತಿರ ಮಾಸ್ಕನ್ನು ಮೈಯ ನಿಜವಾದ ಅಂಚಿಗೆ ಬಿಗಿ ಮಾಡಿದ್ದು ಇದಕ್ಕಾಗಿ. ಸೀರೆ ಹರಡುವ ಕಡೆ ಸಡಿಲ, ಮೈ ಹೇಳಬೇಕಾದ ಕಡೆ ಬಿಗಿ. ಆಳದ ನಕ್ಷೆಯ ಆ 0.3 ಕೂಡ ಇಲ್ಲಿ ಸ್ವಲ್ಪ ಕೈಹಿಡಿಯಿತು.

ಅಕ್ಕನ ಕಣ್ಣಿಗೆ ಬಿದ್ದ ತಪ್ಪುಗಳು ಬೇರೆ ಜಾತಿಯವು. ಒಂದು ಚಿತ್ರದಲ್ಲಿ ಸೆರಗು ಎಡಭುಜದಿಂದ ಇಳಿದು ಸೊಂಟದ ಹತ್ತಿರ ಕುಪ್ಪಸದೊಳಗೆ ಸೇರಿಹೋಗಿತ್ತು, ಆಮೇಲೆ ಬೆನ್ನ ಹಿಂದಿನಿಂದ ಇನ್ನೊಂದು ಸೆರಗು ಹೊರಟಿತ್ತು. ಇನ್ನೊಂದರಲ್ಲಿ ಅಂಚು ಅರ್ಧ ದಾರಿಯಲ್ಲಿ ಮಾಯ. ಅವರು ಅಂಚಿನ ಮೇಲೆ ಬೆರಳಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓಡಿಸುತ್ತಿದ್ದರು, ಬೆರಳು ನಿಂತ ಕಡೆ ತಪ್ಪು. ಸೀರೆ ಒಂದೇ ಬಟ್ಟೆ, ಅದರ ಅಂಚು ಎಲ್ಲಿಯೂ ತುಂಡಾಗುವಂತಿಲ್ಲ. ಇಷ್ಟು ಸರಳವಾದ ಪರೀಕ್ಷೆಯನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಕಂಟ್ರೋಲ್‌ನೆಟ್ ಇದಕ್ಕೆ ಏನೂ ಮಾಡಲಾರದು, ಅದರ ಹಿಡಿತ ಮೈಯ ಮೇಲೆ, ಬಟ್ಟೆಯ ಹಾದಿಯ ಮೇಲೆ ಅಲ್ಲ. ಅಂಚು ತುಂಡಾದ ಜಾಗಕ್ಕೆ ಮಾತ್ರ ಸಣ್ಣ ಮಾಸ್ಕ್ ಬರೆದು, ಡೀನಾಯ್ಸಿಂಗನ್ನು 0.5ರ ಆಸುಪಾಸಿಗೆ ಇಳಿಸಿ ತಿದ್ದಿದೆ. ತಿದ್ದಿದರೂ ಸರಿಹೋಗದವನ್ನು ಬಿಟ್ಟೆ.

ನಿರ್ದೇಶಕರ ಮುಂದೆ ಇಟ್ಟಿದ್ದು ಕಚ್ಚೆ ಸೀರೆಯ ಮೂರು ಚಿತ್ರ: ಕಡುಗೆಂಪು, ಮಣ್ಣಿನ ಬಣ್ಣ, ಕಡುನೀಲಿ. ನಿಲುವು, ಒನಕೆ, ಬೆಳಕು ಮೂರರಲ್ಲೂ ಒಂದೇ ಆಗಿದ್ದರಿಂದ ಚರ್ಚೆ ಬಣ್ಣದ ಮೇಲೆ ಮಾತ್ರ ನಡೆಯಿತು. ಕಿಂಡಿಯ ಬಂಡೆಯ ಹಿನ್ನೆಲೆಗೆ ಮಣ್ಣಿನ ಬಣ್ಣ ಕರಗಿಹೋಗುತ್ತದೆ ಎಂದು ಅದನ್ನು ಕೈಬಿಟ್ಟರು. ನೀಲಿ ರಾತ್ರಿಯ ಬೆಳಕಿನಲ್ಲಿ ಕಪ್ಪಾಗುತ್ತದೆ ಎಂದು ಬೆಳಕಿನವರು ಹೇಳಿದರು. ಕಡುಗೆಂಪು ನಿಂತಿತು. ಕಚ್ಚೆಗೆ ಸುಮಾರು ಒಂಬತ್ತು ಗಜ ಬೇಕು, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸೀರೆ ಅದಕ್ಕಿಂತ ಗಿಡ್ಡ. ಇದನ್ನು ಯಾವ ಚಿತ್ರವೂ ಹೇಳುವುದಿಲ್ಲ. ಅಕ್ಕ ಒಂದೇ ಬಣ್ಣದ ಎರಡು ಹತ್ತಿ ಸೀರೆ ತಂದು, ಬೇಕಾದಷ್ಟು ಕತ್ತರಿಸಿ, ಜೋಡಿಸಿದ ಹೊಲಿಗೆ ಹಿಂದಿನ ಸಿಕ್ಕಿನೊಳಗೆ ಅಡಗುವಂತೆ ಲೆಕ್ಕ ಹಾಕಿದರು.

ಫೋಟೊ, ತಿದ್ದಿದ ಅಸ್ಥಿಪಂಜರ, ಕಚ್ಚೆಗೆ ಬರೆದ ಮಾಸ್ಕ್ ಮತ್ತು ಮೇಲಿನ ಹೊಂದಿಕೆ ಒಂದೇ ಫೋಲ್ಡರ್‌ನಲ್ಲಿವೆ. ಕುಪ್ಪಸದ ತೋಳು ಇನ್ನೂ ಉದ್ದ ಬೇಕೆಂದು ನಿರ್ದೇಶಕರು ಕೇಳಿದ್ದಾರೆ, ಅದಕ್ಕೆ ತೋಳಿನ ಮಾಸ್ಕ್ ಒಂದನ್ನು ಹೊಸದಾಗಿ ಬರೆದರೆ ಸಾಕು, ಉಳಿದದ್ದು ಹಾಗೇ ನಡೆಯುತ್ತದೆ.